ಹನ್ನೆರಡೂವರೆಯ ತಾಟು

ಹುಬ್ಬಳ್ಳಿಯ ಒಂದು ಲಾರಿ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿರುವ ಶಂಭುಲಿಂಗನಿಗೆ ತನ್ನ ಕೆಲಸದ ಬಗ್ಗೆ ಭಾರೀ ಅಭಿಮಾನ. ಯಾವ ಲಾರಿ ಎಷ್ಟಕ್ಕೆ ಬಿಟ್ಟಿತು, ಯಾವ ಊರಿಗೆ ಸರಕಿನ ಗಂಟು ಎಷ್ಟು ನಗ ಹೋದವು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ಅದೇ ಶಂಭುಲಿಂಗ ಆ ಆಫೀಸಿಗೆ ದಿನವೂ ಹತ್ತು ನಿಮಿಷ ತಡವಾಗಿ ಬರುತ್ತಾನೆ. ಸ್ವಂತ ಗೆಳೆಯನ ಮದುವೆಗೆ ಅಕ್ಷತೆ ಬಿದ್ದ ಮೇಲೆ ಮುಟ್ಟಿ, ನೇರ ಊಟದ ಪಂಕ್ತಿಗೆ ಕೂತವನು. ಲಾರಿಗಳನ್ನು ಹೊತ್ತಿಗೆ ಸರಿಯಾಗಿ ಕಳಿಸುವುದು ಬೇರೆ, ತನ್ನನ್ನು ತಾನು ಕಳಿಸಿಕೊಳ್ಳುವುದು ಬೇರೆ ಎಂಬುದು ಇಪ್ಪತ್ತೇಳು ವರ್ಷದಲ್ಲಿ ಅವನು ಕಂಡುಕೊಂಡ ತತ್ವ.

ಇಂಥವನು ಅತ್ತಿಗೆಯ ಕುಬಸದ, ಅಂದರೆ ಸೀಮಂತದ, ಉಸ್ತುವಾರಿಯನ್ನು ಮೈಮೇಲೆ ಹಾಕಿಕೊಂಡ ಎಂದರೆ ಗೋಪನಕೊಪ್ಪದ ಅವನ ಮನೆಯಲ್ಲಿ ಯಾರೂ ನಂಬಲಿಲ್ಲ. ಅಣ್ಣ ಕುಮಾರಸ್ವಾಮಿ ಚಹಾದ ಕಪ್ಪಿನೊಳಗೇ ನಕ್ಕ. ಅವ್ವ ಮುರಿಗೆವ್ವ, ಹೋದ ತಿಂಗಳು ಗ್ಯಾಸ್ ಬುಕ್ ಮಾಡು ಅಂದರೆ ಅವನು ಮರೆತು, ತಾನು ಎರಡು ದಿನ ಪಕ್ಕದ ಮನೆಯ ಒಲೆಯ ಮೇಲೆ ಸಾರು ಕುದಿಸಿದ್ದನ್ನು ನೆನಪಿಸಿದಳು.

ಶಂಭುವಿಗೆ ಒಂದು ಕಾರಣವಿತ್ತು. ಅದು ಅವನಿಗೆ, ಅಣ್ಣನಿಗೆ, ಅವನು ವೈನಿ ಎನ್ನುವ ಆ ಅತ್ತಿಗೆಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ.

ವೈನಿ ಐಶ್ವರ್ಯಾಗೆ ಆಗ ಏಳನೇ ತಿಂಗಳು. ಆರನೇ ತಿಂಗಳಲ್ಲಿ ಸಕ್ಕರೆ ಏರಿದ್ದು ಗೊತ್ತಾಗಿ ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಸೂಜಿ, ಅರ್ಧ ತಾಸು ಬಿಟ್ಟು ಊಟ. ಸೂಜಿ ಚುಚ್ಚಿಕೊಂಡ ಮೇಲೆ ಊಟ ತಡವಾಗಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಹೋದ ತಿಂಗಳು ಸಂಬಂಧಿಕರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ ಆದದ್ದು ಅದೇ. ಇನ್ನೇನು ಪಂಕ್ತಿ ಕೂಡುತ್ತದೆ ಎಂದರು, ಅವಳು ಸೂಜಿ ತೆಗೆದುಕೊಂಡಳು. ಪಂಕ್ತಿ ಕೂತದ್ದು ಎರಡಕ್ಕೆ. ನೀರು ಕುಡಿಯಲು ಒಳಗೆ ಹೋದ ಶಂಭು, ಸಾಮಾನಿನ ಕೋಣೆಯ ಬಾಗಿಲ ಹಿಂದೆ ವೈನಿ ಬೆವರಿ ತೊಯ್ದು, ನಡುಗುವ ಕೈಯಿಂದ ಸಕ್ಕರೆ ಡಬ್ಬಿ ತೆರೆಯಲು ಹೆಣಗುತ್ತಿದ್ದುದನ್ನು ಕಂಡ. ಡಬ್ಬಿ ತೆಗೆದು ಕೊಟ್ಟವನು ಅವನೇ. ಸುಧಾರಿಸಿಕೊಂಡ ಮೇಲೆ ಅವಳು ಅಂದದ್ದು ಒಂದೇ ಮಾತು.

“ಮಂದಿ ನಡುವ ಎದ್ದು ನನಗ ಮೊದಲ ಊಟಾ ಹಾಕ್ರಿ ಅಂತ ಹೆಂಗ ಕೇಳ್ಲೋ ಶಂಭು. ನನ್ನ ಕುಬಸದಾಗೂ ಹಿಂಗ ಆದ್ರ?”

“ಆಗಂಗಿಲ್ರಿ ವೈನಿ,” ಎಂದಿದ್ದ ಶಂಭು. “ಹನ್ನೆರಡೂವರಿಗೆ ನಿಮ್ಮ ಮುಂದ ಊಟದ ತಾಟ ಇರ್ತೈತಿ.”

ಹೇಳುವಾಗ ಸುಲಭವೇ ಇತ್ತು. ಅವರ ಮನೆತನದಲ್ಲಿ ಅಯ್ಯನವರ ಪಾದಪೂಜೆ, ಪ್ರಸಾದ ಆಗದೆ ಯಾರೂ ತಾಟಿಗೆ ಕೈ ಹಚ್ಚುವಂತಿಲ್ಲ. ತವರಿನವರು ಸೀರೆ, ಕುಬಸ, ಬುತ್ತಿ ತರದೆ ಬಸುರಿಯನ್ನು ಮಣೆಯ ಮೇಲೆ ಕೂಡಿಸುವಂತಿಲ್ಲ. ಬಳೆ ಇಡಿಸದೆ ಉಡಿ ತುಂಬುವಂತಿಲ್ಲ, ಆರತಿ ಆಗದೆ ಅವಳು ಏಳುವಂತಿಲ್ಲ. ಅಂದರೆ ಒಬ್ಬರು ತಡವಾದರೆ ಹಿಂದಿನವರೆಲ್ಲ ತಡ. ಘಾಟಿನಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಹಿಂದಿನ ಸಾಲು ಹೇಗೆ ನಿಲ್ಲುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಕಾರ್ಯ ಭಾನುವಾರ. ಬುಧವಾರ ಸಂಜೆ ಅವನು ‘ಐಶು ಕುಬಸ’ ಎಂಬ ವಾಟ್ಸಾಪ್ ಗುಂಪು ತೆರೆದು ಕೂತ. ನೂರಾ ನಲವತ್ತಾರು ಮೆಸೇಜು. ಅದರಲ್ಲಿ ಅರವತ್ತು ಶುಭೋದಯ, ಹದಿನೆಂಟು ಕೈಮುಗಿದ ಚಿತ್ರ, ಮಂಡಿನೋವಿಗೆ ಮನೆಮದ್ದು ಎರಡು. ಉಳಿದದ್ದರಲ್ಲಿ ಕುಬಸ ಅಡಗಿತ್ತು.

ಹಳೆಯ ಚಲನ್ ಪುಸ್ತಕದ ಹಿಂಬದಿಗೆ ನಾಲ್ಕು ಮನೆ ಹಾಕಿದ: ಎಷ್ಟಕ್ಕೆ, ಏನು, ಯಾರು, ಯಾವತ್ತಿನ ಮೆಸೇಜು. ಮೇಲಿನಿಂದ ಒಂದೊಂದೇ ಮೆಸೇಜು ಓದಿ ಇಳಿಸುತ್ತ ಬಂದ. ಹೂವು ತರುತ್ತೇನೆ ಎಂದವರು ಮೂವರು, ಬಾಳೆ ಎಲೆ ತರುತ್ತೇನೆ ಎಂದವರು ಯಾರೂ ಇಲ್ಲ. ಅವ್ವನ ನಾಲ್ಕು ನಿಮಿಷದ ಧ್ವನಿಮೆಸೇಜನ್ನು ಮೂರು ಸಲ ಕೇಳಿದ. ಮೊದಲೆರಡು ನಿಮಿಷ ಪಕ್ಕದ ಮನೆಯವರ ನಾಯಿಯ ಮೇಲೆ ದೂರು. ಮೂರನೆಯ ನಿಮಿಷದಲ್ಲಿ, ಕುಕ್ಕರಿನ ಸೀಟಿಯ ನಡುವೆ, ಆರತಿ ಹೆಬ್ಬಳ್ಳಿಯ ಹಿರಿಯ ಸೋದರತ್ತೆ ಹುಲಿಗೆವ್ವತ್ತೆಯ ಕೈಯಿಂದಲೇ ಆಗಬೇಕು ಎಂಬ ಮಾತಿತ್ತು. ಬರೆದುಕೊಂಡ: ಹನ್ನೆರಡೂಕಾಲು, ಆರತಿ, ಹುಲಿಗೆವ್ವತ್ತೆ.

ಕಷ್ಟ ಕೊಟ್ಟದ್ದು ‘ನಾಳೆ’ ಎಂಬ ಶಬ್ದ. “ನಾಳೆ ಹನ್ನೊಂದಕ್ಕ ಬರ್ತೇನಿ, ಶಾಂತಯ್ಯ” ಎಂದು ಅಯ್ಯನವರು ಹೆಸರು ಹಾಕಿ ಬರೆದ ಮೆಸೇಜನ್ನು ಅಣ್ಣ ಗುಂಪಿಗೆ ದಾಟಿಸಿದ್ದ. ದಾಟಿಸಿದ ಮೆಸೇಜಿಗೆ ದಾಟಿಸಿದ ದಿನದ ತಾರೀಖು ಇರುತ್ತದೆ, ಬರೆದ ದಿನದ್ದು ಇರುವುದಿಲ್ಲ. ಕುಬಸದ ಗುಂಪಿಗೆ ಬಂದದ್ದರಿಂದ ಎಲ್ಲರೂ ಅದನ್ನು ಭಾನುವಾರ ಹನ್ನೊಂದು ಎಂದೇ ಹಿಡಿದಿದ್ದರು. ಶಂಭು ಅನುಮಾನ ಬಂದು ಫೋನ್ ಹಚ್ಚಿದ. ಅಯ್ಯನವರು ನಿಧಾನವಾಗಿ ವಿವರಿಸಿದರು: ಆ ನಾಳೆ ಮುಗಿದು ಒಂದು ವಾರವಾಯಿತು, ಅವತ್ತು ಬಂದು ಪೂಜೆಯ ಸಾಮಾನಿನ ಯಾದಿ ಹೇಳಿ ಚಹಾ ಕುಡಿದು ಹೋಗಿದ್ದರು. ಭಾನುವಾರದ ಹೊತ್ತು ಅವರಿಗೆ ಯಾರೂ ಹೇಳಿಯೇ ಇರಲಿಲ್ಲ. ಅವತ್ತು ಮಧ್ಯಾಹ್ನ ಧಾರವಾಡದಲ್ಲಿ ಇನ್ನೊಂದು ಮನೆಯ ಪೂಜೆ ಹಿಡಿದಿದ್ದರು. ಮೊದಲು ನಮ್ಮ ಮನೆಗೆ, ಹತ್ತಕ್ಕೆ ಬನ್ನಿ ಎಂದು ಶಂಭು ಕೇಳಿಕೊಂಡ. ಒಪ್ಪಿದರು.

ಈ ಒಂದು ಫೋನಿನಿಂದ ಅವನ ಎದೆ ಎರಡು ಇಂಚು ಹಿಗ್ಗಿತು. ಮೆಸೇಜು ಹಾಕಿದ್ದ ಎಲ್ಲರಿಗೂ ಫೋನ್ ಮಾಡಿ ಖಾತ್ರಿ ಮಾಡಿಕೊಂಡ. ಮೂರು ಹೂವಿನವರಲ್ಲಿ ಒಬ್ಬರನ್ನು ಎಲೆಗೆ, ಒಬ್ಬರನ್ನು ಕುಡಿಯುವ ನೀರಿಗೆ ತಿರುಗಿಸಿದ. ಶುಕ್ರವಾರ ಸಂಜೆ ಇಡೀ ಯಾದಿಯನ್ನು ಅಚ್ಚುಕಟ್ಟಾಗಿ ಬರೆದು ಫೋಟೋ ಹೊಡೆದು ಗುಂಪಿಗೆ ಹಾಕಿದ. ಒಂಬತ್ತೂಕಾಲಕ್ಕೆ ತವರಿನವರು ಮುಟ್ಟುವುದು, ಒಂಬತ್ತೂವರೆಗೆ ಬಳೆ, ಹತ್ತಕ್ಕೆ ಅಯ್ಯನವರು, ಹನ್ನೊಂದೂಕಾಲಕ್ಕೆ ಉಡಿ ತುಂಬುವುದು, ಹನ್ನೆರಡೂಕಾಲಕ್ಕೆ ಆರತಿ, ಹನ್ನೆರಡೂವರೆಗೆ ಊಟ. ಸಂಜೆ ನಾಲ್ಕೂವರೆಗೆ ರಾಹುಕಾಲ ಹಿಡಿಯುವುದರಿಂದ ನಾಲ್ಕಕ್ಕೆ ಬಸುರಿಯನ್ನು ತವರಿಗೆ ಕಳಿಸುವುದು. ಇಪ್ಪತ್ತಮೂರು ಕೈಮುಗಿದ ಚಿತ್ರ ಬಂದವು. ಶಂಭು ಅವನ್ನು ಎಣಿಸಿದ, ಎರಡು ಸಲ.

ಅವ್ವ ಮಾತ್ರ ಕನ್ನಡಕ ಏರಿಸಿ ಓದಿ, ಮಗನ ಮುಖ ನೋಡಿದಳು.

“ಇದೇನ್ ಖರೇ ಟೈಮ್ ಹಾಕೀ ಏನೋ?”

“ಹೂಂ. ಮತ್ತ?”

“ನಮ್ಮ ಮಂದ್ಯಾಗ ಯಾರರ ಖರೇ ಟೈಮ್ ಹೇಳ್ತಾರೇನು. ಹತ್ತಕ್ಕ ಕಾರ್ಯ ಇದ್ರ ಒಂಬತ್ತ ಅಂತೀವಿ, ಅವರು ಒಂದ್ ತಾಸ ಕೂಡಿಸಿ ಹತ್ತಕ್ಕ ಬರ್ತಾರ. ಈಗ ನೀ ಹತ್ತ ಅಂದೀ, ಹನ್ನೊಂದಕ್ಕ ಬರ್ತಾರ.”

ಶಂಭುವಿಗೆ ಇದು ಹೊಸ ಸುದ್ದಿಯಲ್ಲ. ಈ ಒಂದು ತಾಸನ್ನು ಅತ್ಯಂತ ನಿಷ್ಠೆಯಿಂದ ಕೂಡಿಸುತ್ತ ಬಂದವನು ಅವನೇ. ಉಪ್ಪಿನಬೆಟಗೇರಿಗೆ, ವೈನಿಯ ತಂದೆ ಶಿದ್ದಪ್ಪನವರಿಗೆ ಫೋನ್ ಹಚ್ಚಿದ. ಯಾದಿ ಭಾಳ ಛಲೋ ಆಗಿದೆ ಎಂದು ಅವರು ಬಾಯ್ತುಂಬ ಹೊಗಳಿದರು. ಎಷ್ಟಕ್ಕೆ ಹೊರಡುತ್ತೀರಿ ಎಂದು ಕೇಳಿದ. ಒಂಬತ್ತರ ಸುಮಾರು ಕ್ರೂಸರ್‌ಗೆ ಹೇಳಿದ್ದೇವೆ, ಹೆಚ್ಚುಕಡಿಮೆ ಆದೀತು ಎಂದರು. ಧಾರವಾಡ ದಾಟಿ ಗೋಪನಕೊಪ್ಪ ಮುಟ್ಟಲು ಮೇಲೆ ಒಂದೂವರೆ ತಾಸು. ಸೀರೆ, ಕುಬಸ, ಬುತ್ತಿ ಎಲ್ಲ ಆ ಗಾಡಿಯಲ್ಲಿ. ಫೋನಿಟ್ಟಾಗ ಶಂಭುವಿನ ಎದೆ ಮೊದಲಿನ ಅಳತೆಗೆ ಬಂದಿತ್ತು.

ಶನಿವಾರ ಆಫೀಸಿನಲ್ಲಿ ಮುಖ ಜೋತುಬಿದ್ದಿದ್ದನ್ನು ಕಂಡು ಕಮರುದ್ದೀನ ಚಾಚಾ ವಿಚಾರಿಸಿದರು. ಮೂವತ್ತು ವರ್ಷದಿಂದ ಅಲ್ಲಿಯ ಲಾರಿಗಳನ್ನು ಹೊರಡಿಸುತ್ತಿದ್ದ ಹಿರಿಯರು. ಒಬ್ಬರಿಗೆ ಹೊತ್ತಿಗೆ ಸರಿಯಾಗಿ ಊಟ ಆಗಲೇಬೇಕು ಎಂದಷ್ಟೇ ಹೇಳಿ ಶಂಭು ಚಲನ್ ಪುಸ್ತಕ ಮುಂದಿಟ್ಟ. ಚಾಚಾ ಎಲೆಯಡಿಕೆ ಅಗಿಯುತ್ತ ಪೂರ್ತಿ ಓದಿದರು.

“ಡ್ರೈವರ್‌ಗ ಎಷ್ಟಕ್ಕ ಮುಟ್ಟಬೇಕು ಅಂತ ಹೇಳ್ತೀ ಏನಪಾ ನೀ?”

“ಇಲ್ರಿ ಚಾಚಾ. ಎಷ್ಟಕ್ಕ ಬಿಡಬೇಕು ಅಂತ ಹೇಳ್ತೇನಿ.”

“ಯಾಕ?”

ಮುಟ್ಟುವ ಹೊತ್ತು ಹೇಳಿದರೆ ಅವನು ದಾರಿಯ ಲೆಕ್ಕ ತನ್ನ ಮನಸ್ಸಿಗೆ ಬಂದಂತೆ ಹಾಕುತ್ತಾನೆ, ಬಿಡುವ ಹೊತ್ತು ಹೇಳಿದರೆ ಗೇಟಿನಲ್ಲಿ ನಿಂತು ನೋಡಬಹುದು. ಇದನ್ನು ಶಂಭು ಕೆಲಸಕ್ಕೆ ಸೇರಿದ ವಾರವೇ ಕಲಿತಿದ್ದ. ಹೇಳಿ ಮುಗಿಸುವಷ್ಟರಲ್ಲಿ ತನ್ನ ತಲೆಗೆ ತಾನೇ ಒಂದು ಬಿಟ್ಟುಕೊಳ್ಳಬೇಕೆನಿಸಿತು. ಚಾಚಾ ಅಷ್ಟಕ್ಕೆ ಬಿಡಲಿಲ್ಲ. ಹನ್ನೆರಡೂವರೆ, ಊಟ ಎಂಬ ಸಾಲಿನ ಮೇಲೆ ಬೆರಳಿಟ್ಟರು.

“ಇದರಾಗ ಯಾರ ಊಟ ಅಂತ ಇಲ್ಲ. ಔಷಧಿ ನಗ ಇದ್ರ ಚೀಟಿ ಮ್ಯಾಲೆ ಔಷಧಿ ಅಂತ ಬರೀತೇವಿ. ಡ್ರೈವರ್ ಅವತ್ತ ಚಹಾಕ್ಕೂ ನಿಂದ್ರಂಗಿಲ್ಲ.”

ಮಧ್ಯಾಹ್ನ ಮನೆಗೆ ಬಂದವನೇ ವೈನಿಯ ಮುಂದೆ ಕೂತ. ಊಟದ ಸಾಲಿನಲ್ಲಿ ನಿಮ್ಮ ಹೆಸರು, ಸೂಜಿಯ ಹೊತ್ತು ಬರೆಯಲೇ ಎಂದು ಕೇಳಿದ. ಅವಳು ಸೆರಗಿನ ಅಂಚು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ತವರಿನಲ್ಲಿ ಹೇಳಿರಲಿಲ್ಲ. ಹೇಳಿದರೆ ಅವರು ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ, ಮಂದಿಯೆಲ್ಲ ತನ್ನ ತಾಟನ್ನೇ ನೋಡುತ್ತಾರೆ. ಇಷ್ಟೆಲ್ಲ ಅವಳು ಹೇಳಿದ್ದಲ್ಲ, ಶಂಭು ಅವಳ ಸೆರಗಿನಿಂದ ಓದಿಕೊಂಡದ್ದು. ಕೊನೆಗೆ ಅವಳೇ ಫೋನ್ ಎತ್ತಿಕೊಂಡಳು.

“ಅಪ್ಪಗ ನಾನ ಹೇಳ್ತೇನಿ. ನೀ ಬರಿ.”

ಒಳಗಿನ ಕೋಣೆಯಿಂದ ಅವಳ ಮಾತು ಸಣ್ಣಗೆ ಕೇಳುತ್ತಿತ್ತು. ಹೊರಗೆ ಶಂಭು ದೊಡ್ಡ ಯಾದಿಯನ್ನು ಒಡೆದು ಚೂರು ಮಾಡಿದ. ಗುಂಪಿನ ಒಬ್ಬೊಬ್ಬರಿಗೆ ಅವರದೇ ಎರಡು ಸಾಲು, ಬೇರೆಯವರದು ಇಲ್ಲ. ಎಲ್ಲದರ ತಲೆಯ ಮೇಲೆ ಒಂದೇ ಮಾತು: ಹನ್ನೆರಡಕ್ಕೆ ಐಶ್ವರ್ಯಾಗೆ ಸೂಜಿ, ಹನ್ನೆರಡೂವರೆಗೆ ಅವಳ ತಾಟು, ತಡವಾದರೆ ಅವಳಿಗೆ ತ್ರಾಸು. ಅದರ ಕೆಳಗೆ ಮನೆ ಬಿಡುವ ಹೊತ್ತು, ಕೈಯಲ್ಲಿ ಇರಬೇಕಾದದ್ದು. ಕೊನೆಗೆ ಒಂದು ಕೋರಿಕೆ: ಮನೆ ಬಿಟ್ಟ ಕೂಡಲೆ ಗುಂಪಿನಲ್ಲಿ ‘ಹೊಂಟೇವಿ’ ಎಂದು ಒಂದೇ ಶಬ್ದ ಹಾಕಬೇಕು. ತಾಟಿನ ಸಾಲಿಗೆ ಜವಾಬ್ದಾರಿ ತನ್ನದೇ ಎಂದು ಹೆಸರು ಬರೆದುಕೊಂಡ.

ಉಪ್ಪಿನಬೆಟಗೇರಿಯಿಂದ ಮರುಮೆಸೇಜು ಬಂತು. ಶಿದ್ದಪ್ಪನವರು ಕ್ರೂಸರ್ ಅನ್ನು ಏಳೂವರೆಗೆ ಹೇಳಿದ್ದರು. ಕೈಮುಗಿದ ಚಿತ್ರ ಇರಲಿಲ್ಲ.

ಭಾನುವಾರ ಮುಂಜಾನೆ ಏಳು ಮೂವತ್ತೆಂಟಕ್ಕೆ ಮೊದಲ ‘ಹೊಂಟೇವಿ’ ಬಿತ್ತು. ಆ ಮೇಲೆ ಎಲೆಯವರು, ಹೂವಿನವರು, ನೀರಿನ ಕ್ಯಾನಿನವರು. ಅಯ್ಯನವರು ಬರೆಯುವ ಬದಲು ಮೋಟಾರ್‌ಸೈಕಲ್ ಕಿಕ್ ಹೊಡೆದ ಸಪ್ಪಳವನ್ನೇ ಧ್ವನಿಮೆಸೇಜಿನಲ್ಲಿ ಕಳಿಸಿದರು. ಒಂಬತ್ತು ಇಪ್ಪತ್ತಕ್ಕೆ ತವರಿನವರು ಬುತ್ತಿಯ ಬುಟ್ಟಿಗಳನ್ನು ಇಳಿಸಿದರು. ಅದರ ಬೆನ್ನಿಗೇ ಬಳೆಗಾರ್ತಿ ಅಬೀದಾ ಚಾಚಿ ಹಸಿರು ಬಳೆಯ ಪೆಟ್ಟಿಗೆ ತೆರೆದು ಕೂತಳು. ಶಂಭು ಬಾಗಿಲಲ್ಲಿ ನಿಂತು, ಗೇಟಿನಲ್ಲಿ ಚಾಚಾ ನಿಲ್ಲುವ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು, ಒಂದೊಂದೇ ಸಾಲಿಗೆ ಗೆರೆ ಎಳೆಯುತ್ತಿದ್ದ. ಬಹಳ ಚೆನ್ನಾಗಿ ಕಾಣುತ್ತಿದ್ದೇನೆ ಎಂದು ಅವನಿಗೆ ಅನಿಸುತ್ತಿತ್ತು.

ಗೆರೆ ಬೀಳದ ಸಾಲು ಒಂದು ಉಳಿಯಿತು. ಹನ್ನೆರಡೂಕಾಲು, ಆರತಿ, ಹುಲಿಗೆವ್ವತ್ತೆ.

ಗುಂಪಿನಲ್ಲಿ ಹುಡುಕಿದ. ಅತ್ತೆಯ ‘ಹೊಂಟೇವಿ’ ಇಲ್ಲ. ಇನ್ನಷ್ಟು ಮೇಲೆ ಹುಡುಕಿದ. ಅತ್ತೆಯ ಯಾವ ಮೆಸೇಜೂ ಇಲ್ಲ. ಅವಳದು ಬಟನ್ ಫೋನು, ಗುಂಪಿನಲ್ಲಿ ಅವಳೇ ಇಲ್ಲ. ಮೆಸೇಜು ಹಾಕಿದವರಿಗೆಲ್ಲ ಫೋನ್ ಮಾಡಿ ಖಾತ್ರಿ ಮಾಡಿಕೊಂಡಿದ್ದ. ಮೆಸೇಜು ಹಾಕದವಳ ಹೆಸರು ಅವ್ವನ ಬಾಯಿಂದ ಯಾದಿಗೆ ಇಳಿದಿತ್ತು, ಅಷ್ಟೆ. ಅವ್ವ ಮಗ ಹೇಳಿದ್ದಾನೆ ಎಂದುಕೊಂಡಿದ್ದಳು, ಅಣ್ಣ ಅವ್ವ ಹೇಳಿದ್ದಾಳೆ ಎಂದುಕೊಂಡಿದ್ದ.

ಹೆಬ್ಬಳ್ಳಿಯಲ್ಲಿರುವ ಅತ್ತೆಗೆ ಫೋನ್ ಹಚ್ಚಿದ. ಮೊದಲ ರಿಂಗಿಗೇ ಎತ್ತಿದಳು.

“ಏಳಕ್ಕ ಸೀರಿ ಉಟ್ಟ ಕುಂತೇನಿ,” ಎಂದಳು ಅತ್ತೆ, ಸಿಟ್ಟಿಲ್ಲದ ಧ್ವನಿಯಲ್ಲಿ. “ಕುಬಸ ಅಂತ ಊರಿಗೆಲ್ಲಾ ಗೊತ್ತೈತಿ. ಕುಂಕುಮಾ ಹಚ್ಚಿ ಕರದವ್ರು ಯಾರು? ಕರೀದ ಮನಿಗೆ ಆರತಿ ಹಿಡ್ಕೊಂಡು ಹೆಂಗ ಬರ್ಲೋ ನನ ಕೂಸ?”

ಮನೆಯ ಹೆಣ್ಣುಮಗಳನ್ನು ಯಾರಾದರೂ ಹೋಗಿ ಕುಂಕುಮ ಹಚ್ಚಿ ಕರೆದುತರಬೇಕು. ಅವಳಿಗಾಗಿ ತಡೆಯುತ್ತಾರೆ, ಅವಳಿಲ್ಲದೆ ಆರತಿ ಎತ್ತಲು ಅವ್ವ ಒಪ್ಪುವುದಿಲ್ಲ. ಶಂಭು ಗಡಿಯಾರ ನೋಡಿದ. ಒಂಬತ್ತು ನಲವತ್ತು. ಹೋಗಲು ಮುಕ್ಕಾಲು ತಾಸು, ಅತ್ತೆಯನ್ನು ಹಿಂದೆ ಕೂಡಿಸಿಕೊಂಡು ಬರುವಾಗ ಇನ್ನಷ್ಟು. ಅಲ್ಲಿ ಚಹಾ ಕುಡಿಯದೆ ಬಿಡುವುದಿಲ್ಲ, ಅದಕ್ಕೊಂದು ಕಾಲು ತಾಸು. ಹನ್ನೆರಡರ ಒಳಗೆ ಆಗುವ ಮಾತು. ಒಂದು ಲೆಕ್ಕ ಮಾತ್ರ ಉಳಿಯಿತು: ತಾಟಿನ ಸಾಲಿನಲ್ಲಿ ತನ್ನ ಹೆಸರಿದೆ, ತಾನು ದಾರಿಯಲ್ಲಿರುತ್ತೇನೆ. ಪಂಕ್ಚರ್ ಆದರೆ?

ಸುತ್ತ ನೋಡಿದ. ಅಂಗಳದ ಕಂಬಕ್ಕೆ ಒರಗಿ ಶಿದ್ದಪ್ಪನವರು ಮಗಳ ಕೈಗೆ ಬಳೆ ಏರುವುದನ್ನು ನೋಡುತ್ತ ನಿಂತಿದ್ದರು. ರಾತ್ರಿ ನಿದ್ದೆ ಮಾಡಿರಲಿಲ್ಲವೆಂದು ಮುಖ ಹೇಳುತ್ತಿತ್ತು. ಶಂಭು ಹತ್ತಿರ ಹೋಗಿ ಚಲನ್ ಪುಸ್ತಕ, ಪೆನ್ನು ಅವರ ಕೈಯಲ್ಲಿಟ್ಟು, ತಾಟಿನ ಸಾಲಿನಲ್ಲಿ ತನ್ನ ಹೆಸರು ಹೊಡೆದು ಅವರ ಹೆಸರು ಬರೆದ. ತಾನು ಮುಟ್ಟದಿದ್ದರೂ, ಅತ್ತೆ ಬರದಿದ್ದರೂ, ತಾಟು ಕಣ್ಣಿಗೆ ಬೀಳುವ ತನಕ ಸೂಜಿ ಚುಚ್ಚಿಕೊಳ್ಳಲು ಬಿಡಬಾರದು, ಚುಚ್ಚಿಕೊಂಡ ಮೇಲೆ ಹನ್ನೆರಡೂವರೆ ದಾಟಲು ಬಿಡಬಾರದು ಎಂದ. ಬೀಗರ ಮನೆಯಲ್ಲಿ ಗಟ್ಟಿಯಾಗಿ ಮಾತಾಡಿ ಗೊತ್ತಿಲ್ಲದ ಮನುಷ್ಯ ಪುಸ್ತಕವನ್ನು ಎದೆಗೆ ಒತ್ತಿಕೊಂಡರು.

“ನೀ ಹೋಗಿ ಬಾರಪಾ. ಇಲ್ಲಿ ನಾ ಅದೇನಿ.”

ಹೆಬ್ಬಳ್ಳಿಯಲ್ಲಿ ಶಂಭು ಅತ್ತೆಯ ಹಣೆಗೆ ಕುಂಕುಮ ಹಚ್ಚಿ, ಕಾಲು ಮುಟ್ಟಿ, ಚಹಾ ಸುಡುವಾಗಲೇ ಕುಡಿದು ನಾಲಿಗೆ ಸುಟ್ಟುಕೊಂಡ. ಸೂಜಿ, ತಾಟಿನ ಕಾರಣ ಹೇಳಿದ ಮೇಲೆ ಅತ್ತೆ ಎರಡನೇ ಕಪ್ಪಿನ ಮಾತು ತೆಗೆಯಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಮೋಟಾರ್‌ಸೈಕಲ್ ಹತ್ತಿದಳು. ಹತ್ತು ಐವತ್ತೆರಡಕ್ಕೆ ಗುಂಪಿನಲ್ಲಿ ಶಂಭುವಿನ ‘ಹೊಂಟೇವಿ’ ಬಿತ್ತು. ಮಂದಿಗೆಲ್ಲ ಬಿಡುವ ಹೊತ್ತು ಬರೆದುಕೊಟ್ಟವನು ತನಗೆ ಮಾತ್ರ ಬರೆದುಕೊಂಡಿರಲಿಲ್ಲ ಎಂಬುದು ಆಗ ಹೊಳೆಯಿತು.

ಅವರು ಗೋಪನಕೊಪ್ಪ ಮುಟ್ಟಿದಾಗ ಹನ್ನೊಂದು ಐವತ್ತು. ಅಯ್ಯನವರು ಪ್ರಸಾದ ಮುಗಿಸಿ ಹೋಗಿದ್ದರು. ಹಸಿರು ಸೀರೆಯಲ್ಲಿ, ಮೊಳಕೈ ತನಕ ಬಳೆಯಲ್ಲಿ ವೈನಿ ಮಣೆಯ ಮೇಲಿದ್ದಳು. ಅಡುಗೆಮನೆಯ ಬಾಗಿಲಿಗೆ ಶಿದ್ದಪ್ಪನವರು ಕಾವಲು ನಿಂತಿದ್ದರು, ಪುಸ್ತಕ ಕಂಕುಳಲ್ಲಿ. ಅವರ ಬೆನ್ನ ಹಿಂದೆ ಕಟ್ಟೆಯ ಮೇಲೆ ತಾಟು ಆಗಲೇ ತಯಾರಿತ್ತು: ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಕಾಳಿನ ಪಲ್ಯ, ಮೊಸರು. ಶೇಂಗಾ ಹೋಳಿಗೆ ಶಾಸ್ತ್ರಕ್ಕೆ ಒಂದು ಚೂರು. ಹನ್ನೆರಡಕ್ಕೆ ಅವರು ಮಗಳತ್ತ ನೋಡಿ ತಲೆಯಾಡಿಸಿದರು. ಅವಳು ಮಣೆಯ ಮೇಲೆ ಕೂತಲ್ಲೇ, ಸೆರಗಿನ ಮರೆಯಲ್ಲಿ ಸೂಜಿ ಚುಚ್ಚಿಕೊಂಡಳು.

ಹನ್ನೆರಡೂಕಾಲಕ್ಕೆ ಹುಲಿಗೆವ್ವತ್ತೆ ಆರತಿ ಎತ್ತಿದಳು. ಇನ್ನೊಂದು ಹಾಡು ಆಗಲಿ ಎಂದು ಯಾರೋ ಹಿಂದಿನಿಂದ ಅಂದರು. ಅತ್ತೆ ತಿರುಗಿ ನೋಡದೆ ಹೇಳಿದಳು, ಹಾಡನ್ನು ಅವಳು ಉಣ್ಣುವಾಗ ಹಾಡಿರಿ. ಹನ್ನೆರಡು ಇಪ್ಪತ್ತೊಂಬತ್ತಕ್ಕೆ ಶಿದ್ದಪ್ಪನವರು ತಾವೇ ತಾಟು ತಂದು ಮಗಳ ಮುಂದೆ ಇಟ್ಟರು. ಗಂಡಸರು ಬಡಿಸುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಆದರೂ ಹೆಂಗಸರು ಸರಿದು ದಾರಿ ಬಿಟ್ಟರು. ವೈನಿ ರೊಟ್ಟಿ ಮುರಿದಳು. ಅವಳ ಕೈ ನಡುಗುತ್ತಿರಲಿಲ್ಲ. ಶಂಭು ಅದನ್ನೇ ನೋಡುತ್ತಿದ್ದ.

ಆಮೇಲೆ ಪುಸ್ತಕ ಮರಳಿ ಅವನ ಕೈಗೆ ಬಂತು. ತಾಟಿನ ಸಾಲಿನ ಮೇಲೆ ಶಿದ್ದಪ್ಪನವರು ಗೆರೆ ಎಳೆದಿರಲಿಲ್ಲ, ಪಕ್ಕದಲ್ಲಿ ಗುಂಡು ಅಕ್ಷರದಲ್ಲಿ ‘ಉಂಡಳು’ ಎಂದು ಬರೆದಿದ್ದರು. ಕೆಳಗೆ ಅವ್ವನ ಕೈಬರಹದ ಹೊಸ ಸಾಲು: ಮುಂದಿನ ಕಾರ್ಯ, ಹುಲಿಗೆವ್ವನನ್ನು ಕರೆಯಲು ಹೋಗುವುದು, ಶಂಭು. ‘ಎಷ್ಟಕ್ಕೆ’ ಎಂಬ ಮನೆಯಲ್ಲಿ ಅವಳು ‘ಹಿಂದಿನ ದಿನ’ ಎಂದು ಹಾಕಿದ್ದಳು. ಒಂದು ತಾಸು ಕೂಡಿಸಿಕೊಂಡರೂ ಅಡ್ಡಿಯಿಲ್ಲ.

ನಾಲ್ಕಕ್ಕೆ ಇನ್ನೂ ಎರಡು ನಿಮಿಷವಿರುವಾಗ ವೈನಿಯನ್ನು ತವರಿಗೆ ಕರೆದೊಯ್ಯುವ ಕ್ರೂಸರ್ ಮನೆಯ ಮುಂದಿನ ತಿರುವು ದಾಟಿತು. ಶಂಭು ಒಳಗೆ ಬಂದು, ಎಲ್ಲರ ಊಟವಾದ ಮೇಲೆ ಉಳಿದ ತಣ್ಣನೆಯ ರೊಟ್ಟಿಗೆ ಚಟ್ನಿ ಹಚ್ಚಿಕೊಂಡು ಕೂತ. ಆ ದಿನ ಅವನ ಊಟಕ್ಕೆ ಯಾದಿಯಲ್ಲಿ ಸಾಲೇ ಇರಲಿಲ್ಲ. ಮೊದಲ ತುತ್ತಿಗೆ ಫೋನ್ ಸದ್ದಾಯಿತು. ಗುಂಪಿನಲ್ಲಿ ವೈನಿ ಹಾಕಿದ್ದು ಒಂದೇ ಶಬ್ದ.

‘ಹೊಂಟೇವಿ.’